ಟೇಪ್ ಕಪ್ಪಾಗಿತ್ತು, ಒಳಗಿನ ಸ್ಟ್ರಿಪ್ ಒಪ್ಪಲಿಲ್ಲ

ಹಾಸನದ ಒಂದು ಸಣ್ಣ ಸರ್ಜರಿ ಕ್ಲಿನಿಕ್‌ನಲ್ಲಿ ಓ.ಟಿ. ನೋಡಿಕೊಳ್ಳೋದು ನನ್ನ ಕೆಲಸ. ಹರ್ನಿಯಾ, ಪೈಲ್ಸ್, ಗಡ್ಡೆ ತೆಗೆಯೋದು, ಇಂಥವೇ ಜಾಸ್ತಿ. ಉಪಕರಣಗಳನ್ನು ಹಬೆಯಲ್ಲಿ ಕ್ರಿಮಿಮುಕ್ತ ಮಾಡುವ ನಮ್ಮ ಆಟೋಕ್ಲೇವ್ ಹಳೆಯದು, ಗಾಳಿ ಎಳೆದು ಹಾಕುವ ಪಂಪ್ ಅದರಲ್ಲಿಲ್ಲ. ನೀರು ಕುದಿದು ಬರುವ ಹಬೆಯೇ ಒಳಗಿನ ಗಾಳಿಯನ್ನು ತಳ್ಳಬೇಕು, ಪೂರ್ತಿ ಹೋದ ಮೇಲೆ ಗಾಳಿ ಹೊರಹೋಗುವ ಕಾಕನ್ನು ನಾವು ಮುಚ್ಚಬೇಕು. ನಾನು ಹೇಳಹೊರಟಿರೋದು ಈ ಕಾಕ್ ಕಥೆಯನ್ನೇ.

ಒಂದು ಬೆಳಿಗ್ಗೆ ಹರ್ನಿಯಾ ಸೆಟ್ ಬಿಚ್ಚಿದೆ. ಹೊರಗಿನ ಟೇಪಿನ ಗೆರೆಗಳು ಚೆನ್ನಾಗಿ ಕಪ್ಪಾಗಿದ್ದವು. ಆದರೆ ಬಟ್ಟೆಯ ನಡುವೆ ಇಟ್ಟಿದ್ದ ಸ್ಟ್ರಿಪ್‌ನಲ್ಲಿ ಕಪ್ಪು ಪಟ್ಟಿ ಪಾಸ್ ಆಗಬೇಕಾದ ಕಿಟಕಿಯವರೆಗೆ ಹೋಗಿರಲೇ ಇಲ್ಲ. ಪೇಷಂಟ್‌ಗೆ ಇನ್ನೂ ಅನಸ್ತೀಸಿಯಾ ಕೊಟ್ಟಿರಲಿಲ್ಲ, ಪುಣ್ಯ.

"ಸಿಸ್ಟರ್, ಟೇಪ್ ಆಗಿದೆಯಲ್ಲ?" ಅಂದರು ಡಾಕ್ಟ್ರು.

"ಟೇಪ್ ಆಗಿದೆ ಸರ್, ಒಳಗಿಂದು ಆಗಿಲ್ಲ. ಬೇರೆ ಸೆಟ್ ತರ್ತೀನಿ."

ಟೇಪ್ ಹೇಳೋದು ಇಷ್ಟೇ: ಈ ಗಂಟು ಬಿಸಿ ಹಬೆಯ ಹತ್ತಿರ ಹೋಗಿ ಬಂದಿದೆ. ಒಳಗಿನ ಸ್ಟ್ರಿಪ್ ಮಾತ್ರ ಬಿಸಿ, ಸಮಯ, ಹಬೆ ಮೂರೂ ಸೇರಿ ಸಾಕಷ್ಟು ಸಿಕ್ಕಿದರೇ ಮುಂದೆ ಸರಿಯುತ್ತದೆ. ನಾವು ಎಷ್ಟೋ ವರ್ಷ ಟೇಪ್ ನೋಡಿಕೊಂಡೇ ನಡೆಸಿದ್ದೆವು, ಈಗ ನೆನೆಸಿಕೊಂಡರೆ ಮೈ ಜುಂ ಅನ್ನುತ್ತದೆ.

ಗಂಟಿನ ಮೇಲೆ 18-2 ಅಂತ ಬರೆದಿತ್ತು, ಅಂದರೆ 18ನೇ ತಾರೀಕಿನ ಎರಡನೇ ಸೈಕಲ್. ರಿಜಿಸ್ಟರ್ ತೆಗೆದೆ. ಪ್ರೆಷರ್ 15, ಹಿಡಿದಿಟ್ಟ ಸಮಯ 30 ನಿಮಿಷ, ಎಲ್ಲಾ ಸರಿ. ಆದರೆ ನಾವು ಎರಡು ಕಾಲಂ ಹೆಚ್ಚಿಗೆ ಹಾಕಿಕೊಂಡಿದ್ದೆವು, ಒಂದು ಕಾಕ್ ಮುಚ್ಚಿದ ಸಮಯ, ಇನ್ನೊಂದು ಪ್ರೆಷರ್ ಏರಿದ ಸಮಯ. ದಿನಾ ಸ್ವಿಚ್ ಹಾಕಿದ 40 ನಿಮಿಷಕ್ಕೆ ಪ್ರೆಷರ್ ಬರುತ್ತಿತ್ತು, ಅವತ್ತು 26 ನಿಮಿಷಕ್ಕೇ ಬಂದಿತ್ತು. ಕಾಕ್ ಮುಚ್ಚಿದ ಸಮಯದ ಜಾಗ ಖಾಲಿ. ಹೊಸದಾಗಿ ಸೇರಿದ್ದ ಹುಡುಗಿಯನ್ನು ಕೇಳಿದರೆ, "ಕರೆಂಟ್ ಹೋಗಿಬಿಡುತ್ತೆ ಅಂತ ಮೊದಲೇ ಮುಚ್ಚಿದೆ ಸಿಸ್ಟರ್" ಅಂದಳು. ಬೈಯೋಕೆ ಮನಸ್ಸಾಗಲಿಲ್ಲ, ಯಾಕೆ ತೆರೆದು ಬಿಡಬೇಕು ಅಂತ ಅವಳಿಗೆ ನಾನೇ ಹೇಳಿಕೊಟ್ಟಿರಲಿಲ್ಲ.

ಗಾಳಿ ಒಳಗೇ ಉಳಿದರೆ ಗೇಜ್ ಮೋಸ ಮಾಡುತ್ತದೆ. ಗಾಳಿಯೂ ಸೇರಿಕೊಂಡೇ ಒತ್ತಡ ತೋರಿಸುತ್ತದೆ, ಅದಕ್ಕೇ ಮುಳ್ಳು ಬೇಗ ಏರುತ್ತದೆ. ಬರೀ ಹಬೆ ಇದ್ದರೆ 15 ಪೌಂಡಿಗೆ 121 ಡಿಗ್ರಿ ಬರುತ್ತದೆ. ಅರ್ಧ ಗಾಳಿ ಉಳಿದಿದ್ದರೆ ಅದೇ 15ಕ್ಕೆ 112 ಡಿಗ್ರಿ ಅಷ್ಟೇ. ಬಟ್ಟೆ ಮಡಿಕೆಗಳ ನಡುವೆ ಸಿಕ್ಕಿಕೊಂಡ ಗಾಳಿ ಇದ್ದ ಕಡೆ ಇನ್ನೂ ಕಮ್ಮಿ.

18-2ರಲ್ಲಿ ಆರು ಗಂಟು ಇದ್ದವು. ಬಿಚ್ಚಿದ್ದು ಒಂದು, ಕಪಾಟಿನಲ್ಲಿ ನಾಲ್ಕು ಸಿಕ್ಕವು. ಆರನೆಯದರಿಂದ ಅವತ್ತೇ ಬೆಳಿಗ್ಗೆ ಒಬ್ಬರಿಗೆ ಡ್ರೆಸಿಂಗ್ ಮಾಡಿಯಾಗಿತ್ತು. ಹೇಳಬೇಕೋ ಬೇಡವೋ ಅನ್ನುವ ಪ್ರಶ್ನೆಯೇ ಇಲ್ಲ. ಡಾಕ್ಟ್ರಿಗೆ ಹೇಳಿದೆ, ಅವರೇ ಪೇಷಂಟ್‌ಗೆ ಫೋನ್ ಮಾಡಿ ವಿಷಯ ತಿಳಿಸಿದರು, ಕರೆಸಿ ಗಾಯ ನೋಡಿದರು, ಆಮೇಲೂ ಎರಡು ಸಲ ನೋಡಿದರು. ಕೀವು ಕಟ್ಟಲಿಲ್ಲ. ಅಷ್ಟನ್ನೂ ರಿಜಿಸ್ಟರ್‌ನಲ್ಲಿ ಬರೆದು ಇಬ್ಬರೂ ಸಹಿ ಹಾಕಿದೆವು. ಗಂಟಿನ ಮೇಲೆ ನಂಬರ್ ಇಲ್ಲದಿದ್ದರೆ ಕಪಾಟು ಪೂರ್ತಿ ಖಾಲಿ ಮಾಡಿ ಎಲ್ಲವನ್ನೂ ಮತ್ತೆ ಹಾಕಬೇಕಿತ್ತು.

ಈಗ ಹಬೆ ಎಡೆಬಿಡದೆ ಬರೋಕೆ ಶುರುವಾದ ಮೇಲೆ ಗಡಿಯಾರ ನೋಡಿ 10 ನಿಮಿಷ ಬಿಟ್ಟೇ ಮುಚ್ಚುತ್ತೇವೆ. ಪ್ರತಿ ಸೈಕಲ್‌ಗೂ ಎಲ್ಲಕ್ಕಿಂತ ದಪ್ಪನೆಯ ಗಂಟಿನ ಹಾಗೆ ಸುತ್ತಿದ ಒಂದು ಟೆಸ್ಟ್ ಗಂಟು ಇರುತ್ತದೆ, ಅದರ ಸ್ಟ್ರಿಪ್ ನೋಡದೆ ಉಳಿದವು ಕಪಾಟಿಗೆ ಹೋಗೋ ಹಾಗಿಲ್ಲ. ಸೆಟ್‌ಗಳ ಒಳಗಿನ ಸ್ಟ್ರಿಪ್ ಬೇರೆ, ಅದು ಟೇಬಲ್ ಹತ್ತಿರ ಬಿಚ್ಚಿದಾಗ ನೋಡೋದಕ್ಕೆ. ಇನ್ನೊಂದು, ನಮ್ಮೂರು ಸಮುದ್ರಮಟ್ಟದಿಂದ 3000 ಅಡಿಗೂ ಮೇಲಿದೆ, ಸಾವಿರ ಅಡಿಗೆ ಅರ್ಧ ಪೌಂಡ್‌ನಂತೆ ಜಾಸ್ತಿ ಬೇಕು. ಹಾಗಾಗಿ ಈಗ 17ಕ್ಕೆ ಇಟ್ಟಿದ್ದೇವೆ. ಆದರೆ ಸೇಫ್ಟಿ ವಾಲ್ವ್ ಎಷ್ಟಕ್ಕೆ ಬಿಚ್ಚಿಕೊಳ್ಳುತ್ತದೆ ಅಂತ ಸರ್ವಿಸ್‌ನವರಿಂದ ನೋಡಿಸಿಕೊಂಡ ಮೇಲೆಯೇ, ಸುಮ್ನೆ ಏರಿಸಬೇಡಿ.

ಬಿಸಿಗೆ ಸುಲಭವಾಗಿ ಸಾಯದ ಬ್ಯಾಕ್ಟೀರಿಯಾ ಸ್ಪೋರ್‌ಗಳೂ ಸತ್ತಿವೆಯಾ ಅಂತ ನೋಡೋಕೆ ವಾರಕ್ಕೊಮ್ಮೆ ಸ್ಪೋರ್ ಟೆಸ್ಟ್ ಮಾಡುತ್ತೇವೆ. ಒಂದು ಆಂಪೂಲ್ ಟೆಸ್ಟ್ ಗಂಟಿನೊಳಗೆ, ಅದೇ ಲಾಟಿನ ಇನ್ನೊಂದು ಆಟೋಕ್ಲೇವ್‌ಗೆ ಹಾಕದೆ ಹೊರಗೆ. ಎರಡನ್ನೂ ಇನ್‌ಕ್ಯುಬೇಟರ್‌ನಲ್ಲಿ 56 ಡಿಗ್ರಿ ಹತ್ತಿರ 48 ಗಂಟೆ ಇಡಬೇಕು. ಒಳಗೆ ಹೋಗಿಬಂದದ್ದು ನೇರಳೆಯಾಗೇ ಉಳಿಯಬೇಕು, ಹೊರಗಿದ್ದದ್ದು ಹಳದಿಯಾಗಬೇಕು. ಒಂದು ವಾರ ಎರಡೂ ನೇರಳೆಯಾಗೇ ಇದ್ದವು. ಹುಡುಗಿ ಖುಷಿಯಾಗಿ 'ಪಾಸ್' ಬರೆಯೋಕೆ ಹೊರಟಳು. ತಡೆದೆ. ರಾತ್ರಿಯೆಲ್ಲಾ ಕರೆಂಟ್ ಹೋಗಿ ಇನ್‌ಕ್ಯುಬೇಟರ್ ತಣ್ಣಗಾಗಿತ್ತು, ಜೀವಂತ ಇದ್ದದ್ದೂ ಬೆಳೆದಿರಲಿಲ್ಲ. 'ಟೆಸ್ಟ್ ಆಗಿಲ್ಲ, ಮತ್ತೆ ಮಾಡಬೇಕು' ಅಂತ ಬರೆಸಿದೆ, ಇನ್‌ಕ್ಯುಬೇಟರನ್ನು ಯುಪಿಎಸ್ ಲೈನಿಗೆ ಹಾಕಿಸಿದೆವು.