“ಏನೂ ಗೊತ್ತಾಗಲ್ಲ” ಅನ್ನುವ ಸಾಲನ್ನು ನಾನು ಯಾಕೆ ತೆಗೆದೆ

ಹಲ್ಲು ಕೀಳಿಸಲು ಬರುವವರಿಗೆ ತೋರಿಸುವ ವಿಡಿಯೋಗೆ ನಾನು ಬರೆದ ಮೊದಲ ಸ್ಕ್ರಿಪ್ಟ್ ಹೀಗೆ ಶುರುವಾಗುತ್ತಿತ್ತು: “ಹೆದರಬೇಡಿ, ಇಂಜೆಕ್ಷನ್ ಕೊಟ್ಟ ಮೇಲೆ ಏನೂ ಗೊತ್ತಾಗಲ್ಲ.” ಆ ವಿಡಿಯೋ ನೋಡಿ ಬಂದ ಒಬ್ಬರ ಕೆಳದವಡೆ ಹಲ್ಲನ್ನು ಅಲ್ಲಾಡಿಸಲು ಶುರು ಮಾಡಿದೆ ಅಷ್ಟೇ, ಅವರು ಎದ್ದು ಕೂತುಬಿಟ್ಟರು. “ಡಾಕ್ಟ್ರೇ, ಗೊತ್ತಾಗ್ತಿದೆ! ಇಂಜೆಕ್ಷನ್ ಹಿಡಿದಿಲ್ಲ!” ತುಟಿ ಪೂರ್ತಿ ಮರಗಟ್ಟಿತ್ತು. ಒಸಡನ್ನು ಚುಚ್ಚಿ ನೋಡಿದೆ, ನೋವಿರಲಿಲ್ಲ. ಅವರಿಗೆ ಗೊತ್ತಾಗುತ್ತಿದ್ದದ್ದು ಒತ್ತಡ.

ತಪ್ಪು ನನ್ನ ಸಾಲಿನಲ್ಲಿತ್ತು. ನಾವು ಕೊಡುವ ಔಷಧ ನೋವನ್ನು ಒಯ್ಯುವ ಸಣ್ಣ ನರದ ಎಳೆಗಳನ್ನು ಚೆನ್ನಾಗಿ ತಡೆಯುತ್ತದೆ. ಒತ್ತಡವನ್ನು ತಿಳಿಸುವ ದಪ್ಪ ಎಳೆಗಳು ಎಷ್ಟೋ ಸಲ ಕೆಲಸ ಮಾಡುತ್ತಲೇ ಇರುತ್ತವೆ. “ಏನೂ ಗೊತ್ತಾಗಲ್ಲ” ಅಂತ ನಂಬಿ ಮಲಗಿದವರಿಗೆ ಮೊದಲ ತಳ್ಳುವಿಕೆಯೇ ಅಪಾಯದ ಸೂಚನೆ ಅನಿಸುತ್ತದೆ. ಮುಂದೆ ಬರುವುದು ನೋವೇ ಅಂತ ಮೈ ಬಿಗಿ ಹಿಡಿಯುತ್ತಾರೆ. ಆಮೇಲೆ ನಾನು ಎಷ್ಟು ಸಮಾಧಾನ ಹೇಳಿದರೂ ಕಿವಿಗೆ ಹೋಗುವುದಿಲ್ಲ.

ಹೊಸ ಸ್ಕ್ರಿಪ್ಟ್ ಬರೆಯುವಾಗ ನಾನು ಏನು ಮಾಡುತ್ತೇನೆ ಅನ್ನುವುದನ್ನು ಬಿಟ್ಟೆ. ಮಲಗಿದವರಿಗೆ ಏನು ಅನಿಸುತ್ತದೆ, ಯಾವುದಾದ ಮೇಲೆ ಯಾವುದು, ಅಷ್ಟನ್ನೇ ಹಿಡಿದುಕೊಂಡೆ. ಶುರುವಿನಲ್ಲೇ ನೋಡುವವರ ಕೈಗೆ ಒಂದು ಕೆಲಸ ಕೊಟ್ಟೆ:

“ಹೆಬ್ಬೆರಳಿನಿಂದ ನಿಮ್ಮ ಕೆನ್ನೆಯನ್ನು ಗಟ್ಟಿಯಾಗಿ ಒತ್ತಿ. ಇದು ಒತ್ತಡ. ಈಗ ಸ್ವಲ್ಪ ಚಿವುಟಿ. ಇದು ನೋವು. ಹಲ್ಲು ತೆಗೆಯುವಾಗ ನಿಮಗೆ ಮೊದಲನೆಯದು ಗೊತ್ತಾಗುತ್ತೆ, ಜೋರಾಗೇ ಗೊತ್ತಾಗಬಹುದು. ಎರಡನೆಯದು ಗೊತ್ತಾದರೆ ಎಡಗೈ ಎತ್ತಿ. ನಾನು ನಿಲ್ಲಿಸ್ತೀನಿ, ಇನ್ನಷ್ಟು ಔಷಧ ಕೊಡ್ತೀನಿ.”

ಕೊನೆಯ ಎರಡು ವಾಕ್ಯ ತುಂಬಾ ಮುಖ್ಯ. ಕೀವು ತುಂಬಿದ ಹಲ್ಲಿಗೆ ಮೊದಲ ಇಂಜೆಕ್ಷನ್ ಸರಿಯಾಗಿ ಹಿಡಿಯದೇ ಇರಬಹುದು, ಹಾಗಾಗಿ “ನೋವು ಬರುವುದೇ ಇಲ್ಲ” ಅಂತ ಮಾತು ಕೊಡಲು ನನಗೆ ಆಗುವುದಿಲ್ಲ. ನಿಲ್ಲಿಸುತ್ತೇನೆ ಅಂತ ಕೊಡಬಹುದು. ಆದರೆ ಕೈ ಎತ್ತಿದಾಗ “ಇನ್ನೊಂದೇ ನಿಮಿಷ” ಅನ್ನಬಾರದು. ಒಂದು ಸಲ ಹಾಗಂದರೂ ಆ ಸಾಲು ಸುಳ್ಳಾಗುತ್ತದೆ.

ಇಂಜೆಕ್ಷನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಸಡಿಗೆ ಜೆಲ್ ಹಚ್ಚಿ ಒಂದೆರಡು ನಿಮಿಷ ಕಾಯುತ್ತೇವೆ, ಸ್ವಲ್ಪ ಚುಚ್ಚಿದ ಹಾಗಾಗುತ್ತೆ, ಔಷಧವನ್ನು ನಿಧಾನವಾಗಿ ಬಿಡುತ್ತೇವೆ, ತುಟಿ ಊದಿಕೊಂಡ ಹಾಗೆ ಅನಿಸುತ್ತೆ ಆದರೆ ಊದಿರುವುದಿಲ್ಲ. ಅಷ್ಟೇ. ಸೂಜಿಯನ್ನು ಪರದೆ ಮೇಲೆ ತೋರಿಸುವುದಿಲ್ಲ.

ನಾನು ಪೂರ್ತಿ ಮರೆತಿದ್ದು ಸದ್ದನ್ನು. ಹಲ್ಲು ಸಡಿಲವಾಗುವಾಗ, ಕೆಲವು ಸಲ ಬೇರು ಮೂಳೆಯಿಂದ ಬಿಟ್ಟುಕೊಳ್ಳುವಾಗ, “ಕಟ್” ಅಂತ ಕೇಳುತ್ತದೆ. ನಮಗೆ ಹೊರಗೆ ಕೇಳುವುದು ಸಣ್ಣ ಸದ್ದು. ಮಲಗಿದವರಿಗೆ ಅದು ಮೂಳೆಯ ಮೂಲಕ ನೇರ ಕಿವಿಗೇ ಹೋಗುತ್ತದೆ, ದವಡೆಯೇ ಮುರಿಯಿತೇನೋ ಅನ್ನುವಷ್ಟು ದೊಡ್ಡದಾಗಿ. ಅದಕ್ಕೆ ಈಗ ಈ ಸಾಲಿದೆ: “ಕಟ್ ಅಂತ ಸದ್ದು ಕೇಳಬಹುದು. ಮೂಳೆಯೊಳಗಿಂದ ಬರೋದ್ರಿಂದ ನಿಮಗೆ ಜೋರಾಗಿ ಕೇಳುತ್ತೆ. ಹಲ್ಲು ಬಿಟ್ಟುಕೊಳ್ತಿದೆ ಅಂತ ಅರ್ಥ.” ಇದನ್ನು ಸೇರಿಸಿದ ಮೇಲೆ ಸದ್ದು ಬಂದಾಗ ಕೆಲವರು ನನ್ನನ್ನು ನೋಡಿ ತಲೆ ಆಡಿಸಿದ್ದೂ ಉಂಟು.

ಬರೆದದ್ದನ್ನು ಗಡಿಯಾರ ಇಟ್ಟುಕೊಂಡು ಜೋರಾಗಿ ಓದುತ್ತೇನೆ, ಒಂದೂವರೆ ನಿಮಿಷ ದಾಟಿದರೆ ಕಡಿಮೆ ಮಾಡುತ್ತೇನೆ. ಮೊದಲು ಕತ್ತರಿಸುವುದು ನನ್ನ ಸಲಕರಣೆಗಳ ಹೆಸರನ್ನು. ಇಕ್ಕಳದ ಹೆಸರು ತಿಳಿದು ಯಾರ ಭಯವೂ ಕಡಿಮೆಯಾಗುವುದಿಲ್ಲ, ಅಲ್ವಾ?

ಹಲ್ಲು ಕಿತ್ತ ಮೇಲಿನ ಎಚ್ಚರಿಕೆಗಳನ್ನೂ ಮೊದಲು ಇದೇ ವಿಡಿಯೋದಲ್ಲಿ ತುರುಕಿದ್ದೆ. ಹೆದರಿ ಕೂತವರ ತಲೆಯಲ್ಲಿ ಅದು ನಿಲ್ಲಲಿಲ್ಲ. ಈಗ ಅದು ಬೇರೆ ವಿಡಿಯೋ. ಹತ್ತಿಬಟ್ಟೆ ಕಚ್ಚಿಕೊಂಡು ಕೂತಿರುವ ಆ ಅರ್ಧ ಗಂಟೆಯಲ್ಲಿ, ಜೊತೆಗೆ ಬಂದವರನ್ನೂ ಒಳಗೆ ಕರೆದು ತೋರಿಸುತ್ತೇನೆ. ಅದರಲ್ಲಿ ನಾನು ಹೆಚ್ಚು ಹೊತ್ತು ಕೊಡುವುದು ರಕ್ತದ ಹೆಪ್ಪಿಗೆ. 24 ಗಂಟೆ ಬಾಯಿ ಮುಕ್ಕಳಿಸಬೇಡಿ, ಉಗುಳಬೇಡಿ, ಸ್ಟ್ರಾ ಹಾಕಿ ಹೀರಬೇಡಿ, ಸಿಗರೇಟು ಮುಟ್ಟಬೇಡಿ ಅಂತ ಸುಮ್ನೆ ಪಟ್ಟಿ ಓದಿದರೆ ಯಾರೂ ಕೇಳುವುದಿಲ್ಲ. “ಗುಂಡಿಯಲ್ಲಿ ಕೂತಿರೋ ಹೆಪ್ಪೇ ಕೆಳಗಿನ ಮೂಳೆಗೆ ಮುಚ್ಚಳ. ಅದು ಕಿತ್ತು ಬಂದರೆ ಮೂಳೆ ಬಯಲಾಗುತ್ತೆ” ಅಂತ ಹೇಳಿ, ಆಮೇಲೆ ಬೇಡಗಳನ್ನು ಹೇಳಿದರೆ ಕೇಳುತ್ತಾರೆ. ಕೊನೆಯ ಸಾಲು ಇದು: “ದಿನದಿಂದ ದಿನಕ್ಕೆ ನೋವು ಕಡಿಮೆ ಆಗಬೇಕು. ಎರಡು ಮೂರು ದಿನ ಆದ ಮೇಲೆ ಮತ್ತೆ ಜಾಸ್ತಿಯಾಗಿ ಕಿವಿಯವರೆಗೆ ಎಳೆದರೆ, ಮನೇಲಿ ಮಾತ್ರೆ ನುಂಗುತ್ತಾ ಕೂರಬೇಡಿ, ಬನ್ನಿ.”