ಅಪಠಿತ ಪದ್ಯದ ಉತ್ತರಗಳಿಗೆ ನಾನು ಹಂತಗಳನ್ನು ಗೊತ್ತುಮಾಡಿದ ಬಗೆ

ಹಾವೇರಿ ಜಿಲ್ಲೆಯ ಪ್ರೌಢಶಾಲೆಯೊಂದರಲ್ಲಿ ನಾನು ಪ್ರಥಮ ಭಾಷೆ ಕನ್ನಡವನ್ನು ಕಲಿಸುತ್ತೇನೆ. ಪಠ್ಯಪುಸ್ತಕದ ಪದ್ಯದ ಮೇಲೆ ಪ್ರಶ್ನೆ ಕೇಳಿದರೆ ಉತ್ತರಸೂಚಿ ಬರೆಯುವುದು ಅಷ್ಟೇನೂ ತ್ರಾಸಿನ ಕೆಲಸವಲ್ಲ. ತರಗತಿಯಲ್ಲಿ ಚರ್ಚಿಸಿದ ನಾಲ್ಕು ಅಂಶಗಳನ್ನು ಬರೆದಿಟ್ಟುಕೊಂಡು, ಅಂಶಕ್ಕೊಂದು ಅಂಕದಂತೆ ಕೊಡುತ್ತ ಹೋಗಬಹುದು. ಅಪಠಿತ ಪದ್ಯದಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಪದ್ಯವೇ ವಿದ್ಯಾರ್ಥಿಯ ಕಣ್ಣೆದುರಿಗೆ ಅಚ್ಚಾಗಿರುವುದರಿಂದ ಅಂಶಗಳೆಲ್ಲ ಅಲ್ಲಿಯೇ ಸಿಗುತ್ತವೆ. ಸಾಲುಗಳನ್ನು ಗದ್ಯಕ್ಕೆ ತಿರುಗಿಸಿ ಬರೆದವನಿಗೂ, ಪದ್ಯವನ್ನು ನಿಜವಾಗಿ ಓದಿ ಅರ್ಥ ಮಾಡಿಕೊಂಡವಳಿಗೂ ಅಂಶಗಳ ಲೆಕ್ಕದಲ್ಲಿ ಒಂದೇ ಅಂಕ ಬೀಳುತ್ತದೆ. ಆದ್ದರಿಂದ ಇಂಥ ಪ್ರಶ್ನೆಗಳಿಗೆ ಅಂಶಗಳ ಪಟ್ಟಿಯ ಬದಲು, ಯಾವ ಹಂತದ ಉತ್ತರ ಹೇಗಿರುತ್ತದೆ ಎಂಬುದನ್ನು ಮಾದರಿಗಳ ಸಮೇತ ಬರೆದಿಡುವ ರೂಢಿಯನ್ನು ಮಾಡಿಕೊಂಡಿದ್ದೇನೆ. ಒಂಬತ್ತನೆಯ ತರಗತಿಗೆ ಕೊಟ್ಟ ಒಂದು ಪ್ರಶ್ನೆಯನ್ನು ಹಿಡಿದು ಆ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಅಚ್ಚಾದ ಕವಿತೆಯನ್ನು ಕೊಟ್ಟರೆ ಯಾರಾದರೂ ಅದನ್ನು ಮೊದಲೇ ಓದಿರುವ ಸಾಧ್ಯತೆ ಇರುವುದರಿಂದ, ಈ ಎಂಟು ಸಾಲುಗಳನ್ನು ನಾನೇ ಬರೆದೆ. ಕವಿತ್ವದ ದೃಷ್ಟಿಯಿಂದ ಇದಕ್ಕೆ ಎಷ್ಟು ಅಂಕ ಸಲ್ಲುತ್ತದೆ ಎಂಬುದು ಬೇರೆ ಮಾತು.

ಕಣದಾಗ ಹರವಿದ ಮೆಣಸಿನಕಾಯಿ
ಕೆಂಪೇರಿದಷ್ಟೂ ಸೊರಗತಾವ;
ಅವ್ವ ದಿನಕ್ಕ ಎರಡು ಸಲ ಬಂದು
ಕೈಲೇ ಹೊರಳಿಸಿ ಹಾಕತಾಳ.
ಪ್ಯಾಟಿಯಿಂದ ಬಂದ ಅಪ್ಪ
ಚೀಲಾ ಝಾಡಿಸಿ ಮಡಚಿ ಇಟ್ಟ.
ದರಾ ಎಷ್ಟಂತ ಅವ್ವ ಕೇಳಲಿಲ್ಲ;
ಕಣ್ಣು ಖಾರಾ ಆತಂತ ಒಳಗ ಹೋದಳು.

ಪ್ರಶ್ನೆ ಹೀಗಿತ್ತು: ‘ಕೊನೆಯ ಎರಡು ಸಾಲುಗಳಿಂದ ಅವ್ವನ ಮನಸ್ಥಿತಿಯ ಬಗ್ಗೆ ನಿಮಗೆ ಏನು ತಿಳಿಯುತ್ತದೆ? ಕವಿತೆಯ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು ವಿವರಿಸಿರಿ.’ ಇದಕ್ಕೆ 4 ಅಂಕ. ಹುಬ್ಬಳ್ಳಿಯ ಶಾಲೆಯೊಂದರಲ್ಲಿರುವ ನನ್ನ ಸಹೋದ್ಯೋಗಿ ಟೀಚರ್ ಒಬ್ಬರು ತಮ್ಮ ತರಗತಿಗೂ ಇದನ್ನೇ ಕೊಟ್ಟರು. ಪೇಟೆಯ ಮಕ್ಕಳಲ್ಲಿ ಕೆಲವರಿಗೆ ಕಣ ಗೊತ್ತಿರುವುದಿಲ್ಲ ಎಂದು ಅವರು ಸೂಚಿಸಿದ್ದರಿಂದ, ಪದ್ಯದ ಕೆಳಗೆ ‘ಕಣ: ಬೆಳೆಯನ್ನು ಒಕ್ಕುವ, ಒಣಗಿಸುವ ಜಾಗ’ ಎಂದು ಅರ್ಥ ಕೊಟ್ಟೆವು. ‘ಖಾರ’ ಎಂಬ ಮಾತಿಗೆ ಮಾತ್ರ ಯಾವ ಟಿಪ್ಪಣಿಯನ್ನೂ ಹಾಕಲಿಲ್ಲ. ಪ್ರಶ್ನೆ ಪರೀಕ್ಷಿಸುತ್ತಿರುವುದೇ ಆ ಮಾತನ್ನು. ಅದನ್ನು ನಾವೇ ಬಿಡಿಸಿ ಹೇಳಿದರೆ ಉತ್ತರವನ್ನು ಕೈಗೆ ಕೊಟ್ಟಂತಾಗುತ್ತದೆ.

ಉತ್ತರಪತ್ರಿಕೆಗಳು ಬಂದ ಕೂಡಲೇ ನಾನು ಅಂಕ ಹಾಕಲು ತೊಡಗುವುದಿಲ್ಲ. ಮೊದಲು ಎಲ್ಲವನ್ನೂ ಓದಿ, ಒಂದೇ ಬಗೆಯ ಉತ್ತರಗಳನ್ನು ಒಂದೊಂದು ಗುಂಪಾಗಿ ಟೇಬಲ್ಲಿನ ಮೇಲೆ ಬೇರೆ ಇಡುತ್ತೇನೆ. ಹಂತಗಳ ವಿವರಣೆಯನ್ನು ಬರೆಯುವುದು ಆ ಗುಂಪುಗಳನ್ನು ನೋಡಿದ ಮೇಲೆಯೇ. ಪತ್ರಿಕೆಗಳನ್ನು ನೋಡದೆ ಬರೆದರೆ ‘ಅತ್ಯುತ್ತಮ ಗ್ರಹಿಕೆ’, ‘ಉತ್ತಮ ಗ್ರಹಿಕೆ’, ‘ಸಾಧಾರಣ ಗ್ರಹಿಕೆ’ ಎಂಬಂಥ ವಿಶೇಷಣಗಳು ಮಾತ್ರ ಉಳಿಯುತ್ತವೆ, ಮತ್ತು ಒಬ್ಬರ ಉತ್ತಮ ಇನ್ನೊಬ್ಬರಿಗೆ ಸಾಧಾರಣವಾಗುತ್ತದೆ. ಗುಂಪುಗಳನ್ನು ನೋಡುತ್ತ ಬರೆದರೆ, ಉತ್ತರ ಎಷ್ಟು ಚೆನ್ನಾಗಿದೆ ಎಂಬುದರ ಬದಲು ಅದು ಏನನ್ನು ಮಾಡಿದೆ ಎಂಬುದನ್ನು ಹೇಳಲು ಬರುತ್ತದೆ.

ಮೊದಲ ಗುಂಪಿನ ಉತ್ತರಗಳು ಪದ್ಯವನ್ನು ಮರಳಿ ಹೇಳುತ್ತವೆ. ‘ಅವ್ವ ಮೆಣಸಿನಕಾಯಿ ಹೊರಳಿಸುತ್ತಾಳೆ. ಅಪ್ಪ ಪೇಟೆಯಿಂದ ಬಂದು ಚೀಲ ಮಡಚಿ ಇಟ್ಟನು. ಅವ್ವ ದರ ಕೇಳಲಿಲ್ಲ. ಕಣ್ಣು ಖಾರ ಆಯಿತು ಎಂದು ಒಳಗೆ ಹೋದಳು.’ ಇದರಲ್ಲಿ ಸುಳ್ಳು ಒಂದೂ ಇಲ್ಲ. ಆದರೆ ಕೇಳಿದ್ದು ಮನಸ್ಥಿತಿ, ಬಂದದ್ದು ಘಟನೆ. ಇದಕ್ಕೆ 1 ಅಂಕ. ಎರಡನೆಯ ಗುಂಪು ಮನಸ್ಥಿತಿಯನ್ನು ಹೆಸರಿಸುತ್ತದೆ, ಆದರೆ ಪದ್ಯವನ್ನು ಬಿಟ್ಟು ಹೊರಗೆ ಓಡುತ್ತದೆ. ‘ಅವ್ವನಿಗೆ ಬಹಳ ದುಃಖವಾಗಿದೆ. ರೈತರಿಗೆ ಯಾವಾಗಲೂ ಸರಿಯಾದ ಬೆಲೆ ಸಿಗುವುದಿಲ್ಲ. ರೈತ ದೇಶದ ಬೆನ್ನೆಲುಬು.’ ಇಲ್ಲಿ ದುಃಖವನ್ನು ಗುರುತಿಸಿರುವುದು ಸರಿ; ಅದು ಪದ್ಯದ ಯಾವ ಮಾತಿನಿಂದ ತಿಳಿಯಿತು ಎಂಬುದು ಇಲ್ಲ. ಇದಕ್ಕೆ 2. ಮೂರನೆಯ ಗುಂಪಿನಲ್ಲಿ ಊಹೆಯೂ ಇರುತ್ತದೆ, ಅದಕ್ಕೆ ತಳುಕು ಹಾಕಿದ ಪದ್ಯದ ಮಾತೂ ಇರುತ್ತದೆ: ‘ಅವ್ವನಿಗೆ ದುಃಖವಾಗಿದೆ, ಏಕೆಂದರೆ ಆಕೆ ದರ ಎಷ್ಟೆಂದು ಕೇಳಲೇ ಇಲ್ಲ. ಕಣ್ಣು ಖಾರ ಆಯಿತೆಂದು ಹೇಳಿ ಅಳುವನ್ನು ಮುಚ್ಚಿಕೊಂಡಳು.’ ಇದಕ್ಕೆ 3.

ನಾಲ್ಕನೆಯ ಹಂತಕ್ಕೆ ನಾನು ಮಾದರಿಯಾಗಿ ಇಟ್ಟುಕೊಂಡ ಉತ್ತರ ಉದ್ದದ್ದೇನಲ್ಲ. ‘ದಿನಕ್ಕೆ ಎರಡು ಸಲ ಮೆಣಸಿನಕಾಯಿಯನ್ನು ಕೈಯಿಂದ ಮುಟ್ಟುವ ಅವ್ವ ಆವಾಗೆಲ್ಲ ಖಾರ ಎಂದಿಲ್ಲ. ಅಪ್ಪ ಖಾಲಿ ಚೀಲ ಮಡಚಿದ ಮೇಲೆ ಮಾತ್ರ ಹಾಗೆ ಹೇಳುತ್ತಾಳೆ. ಆದ್ದರಿಂದ ಖಾರ ಎಂಬುದು ನೆಪ. ದರ ಕೇಳಿದರೆ ಅಪ್ಪನಿಗೆ ಹೇಳುವುದು ಕಷ್ಟವಾಗುತ್ತದೆ ಎಂದು ಆಕೆ ಸುಮ್ಮನಾಗಿದ್ದಾಳೆ.’ ಮೂರನೆಯ ಹಂತದ ಉತ್ತರವೂ ‘ಖಾರ’ ಎಂಬ ಮಾತನ್ನು ಎತ್ತಿಕೊಂಡಿತ್ತು. ಆದರೆ ಅದು ಅಳುವನ್ನು ಮುಚ್ಚುವ ಮಾತು ಎಂದು ಹೇಳಿ ನಿಂತಿತು. ಈ ಉತ್ತರ ಅದು ನೆಪ ಹೇಗೆ ಎಂಬುದನ್ನು ಪದ್ಯದ ಮೊದಲ ಭಾಗದೊಂದಿಗೆ ಹೋಲಿಸಿ ತೋರಿಸಿತು. ಹಾಗಾಗಿ ಮೂರರ ಮತ್ತು ನಾಲ್ಕರ ನಡುವಿನ ಗೆರೆಯನ್ನು ಸೂಚಿಯಲ್ಲಿ ಹೀಗೆ ಬರೆದೆ: ಮೂರನೆಯ ಹಂತ ಆಧಾರವನ್ನು ಕೊಡುತ್ತದೆ, ನಾಲ್ಕನೆಯ ಹಂತ ಆ ಆಧಾರವು ಊಹೆಯನ್ನು ಹೇಗೆ ಹೊರುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತದೆ. ಪದ್ಯಕ್ಕೆ ಸಂಬಂಧವೇ ಇಲ್ಲದ ಉತ್ತರಕ್ಕೂ ಖಾಲಿ ಬಿಟ್ಟದ್ದಕ್ಕೂ 0. ಭಾಷೆಯ ಶುದ್ಧಿಯನ್ನು ಇಲ್ಲಿ ಎಣಿಸುವುದಿಲ್ಲ. ‘ಅವ್ವಗ ಸಂಕಟ ಆಗೇತಿ’ ಎಂದು ಮನೆಯ ಮಾತಿನಲ್ಲಿ ಬರೆದವನ ಹಂತ ಆ ಕಾರಣಕ್ಕೆ ಇಳಿಯುವುದಿಲ್ಲ.

ಸೂಚಿ ಸಿದ್ಧವಾದ ಮೇಲೆ ಕೆಲವು ಉತ್ತರಗಳ ನಕಲು ಪ್ರತಿಗಳನ್ನು ಇಬ್ಬರೂ ಬೇರೆ ಬೇರೆ ಕುಳಿತು ತಿದ್ದಿದೆವು. ಒಬ್ಬರ ಅಂಕ ಇನ್ನೊಬ್ಬರಿಗೆ ಕಾಣದಂತೆ ಅಂಕಗಳನ್ನು ಬೇರೆ ಹಾಳೆಯಲ್ಲಿ ಬರೆದೆವು. ಒಂದನೆಯ ಮತ್ತು ಎರಡನೆಯ ಹಂತಗಳಲ್ಲಿ ನಮಗೆ ಭಿನ್ನಾಭಿಪ್ರಾಯ ಬರಲಿಲ್ಲ. ತಕರಾರು ಬಂದದ್ದು ನನ್ನ ತರಗತಿಯ ಹುಡುಗಿಯೊಬ್ಬಳ ಉತ್ತರದ ಮೇಲೆ. ಆಕೆ ಬರೆದಿದ್ದಳು: ‘ನಮ್ಮ ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ. ಆದ್ದರಿಂದ ಅವ್ವನ ಕಣ್ಣು ನಿಜವಾಗಿ ಖಾರ ಆಗಿಲ್ಲ, ಅದು ನೆಪ. ದರ ಕೇಳದಿದ್ದರೂ ಆಕೆಗೆ ಗೊತ್ತಾಗಿದೆ.’

‘ಸರ್, ಇಷ್ಟು ಛಲೋ ಬರದಾಳ, ಮೂರು ಹೆಂಗ ಕೊಟ್ರಿ?’ ಎಂದು ಟೀಚರ್ ಕೇಳಿದರು. ಅವರ ಹಾಳೆಯಲ್ಲಿ 4 ಇತ್ತು.

ಬ್ಯಾಡಗಿ ಮೆಣಸಿನಕಾಯಿಗೆ ಖಾರಕ್ಕಿಂತ ಬಣ್ಣವೇ ಹೆಚ್ಚು ಎಂಬುದು ಈ ಭಾಗದಲ್ಲಿ ಯಾರಿಗಾದರೂ ಗೊತ್ತಿರುವ ಸಂಗತಿ, ಮತ್ತು ಹುಡುಗಿಯ ಬುದ್ಧಿ ಚುರುಕಾಗಿದೆ ಎಂಬುದರಲ್ಲೂ ಅನುಮಾನವಿಲ್ಲ. ಆದರೆ ಪದ್ಯದಲ್ಲಿ ಬ್ಯಾಡಗಿಯ ಹೆಸರಿಲ್ಲ. ಅದು ಯಾವ ತಳಿಯೆಂದು ಕವಿತೆ ಹೇಳಿಲ್ಲ. ಹೆಚ್ಚು ಖಾರದ ತಳಿಯಾಗಿದ್ದರೆ ಆಕೆಯ ವಾದ ಬಿದ್ದುಹೋಗುತ್ತದೆ, ಕವಿತೆಯ ಅರ್ಥ ಮಾತ್ರ ಹಾಗೆಯೇ ಉಳಿಯುತ್ತದೆ. ಹುಬ್ಬಳ್ಳಿಯ ವಿದ್ಯಾರ್ಥಿಗೆ ಸಿಗದ ಅನುಕೂಲ ಇಲ್ಲಿಯ ವಿದ್ಯಾರ್ಥಿಗೆ ಸಿಗುವುದೂ ನ್ಯಾಯವಲ್ಲ. ಇಂಥ ಉತ್ತರಗಳಿಗಾಗಿ ನಾವು ಒಂದು ಪರೀಕ್ಷೆಯನ್ನು ಗೊತ್ತುಮಾಡಿಕೊಂಡೆವು: ಹೊರಗಿನ ತಿಳಿವಳಿಕೆಯ ವಾಕ್ಯವನ್ನು ಬೆರಳಿನಿಂದ ಮುಚ್ಚಿ, ಉಳಿದ ಉತ್ತರವನ್ನು ಓದಿ ಹಂತವನ್ನು ನಿರ್ಧರಿಸುವುದು. ಹೊರಗಿನ ಮಾತಿಗೆ ಅಂಕವನ್ನು ಕಡಿಯುವುದಿಲ್ಲ, ಕೂಡಿಸುವುದೂ ಇಲ್ಲ. ಮೊದಲ ವಾಕ್ಯವನ್ನು ಮುಚ್ಚಿದಾಗ ನೆಪ ಎಂಬ ಊಹೆಯೂ ದರ ಕೇಳದ ಆಧಾರವೂ ಉಳಿದವು. ನೆಪವೆಂದು ತಿಳಿದ ಬಗೆ ಉಳಿಯಲಿಲ್ಲ. ಟೀಚರ್ ಒಪ್ಪಿ 3 ಮಾಡಿದರು.

ಇನ್ನೊಂದು ಉತ್ತರ ಇದಕ್ಕಿಂತ ಕಠಿಣವಾಗಿತ್ತು. ‘ಚೀಲ ಖಾಲಿಯಾಗಿದೆ, ಅಂದರೆ ಮಾಲೆಲ್ಲ ಮಾರಾಟವಾಗಿದೆ. ಅವ್ವನ ಕಣ್ಣಿನಲ್ಲಿ ಬಂದದ್ದು ಆನಂದಬಾಷ್ಪ’ ಎಂದು ಒಬ್ಬ ಬರೆದಿದ್ದ. ಸೂಚಿಯಲ್ಲಿ ‘ದುಃಖ’ ಎಂದಷ್ಟೇ ಬರೆದಿದ್ದರೆ ಇದು ತಪ್ಪು ಉತ್ತರವಾಗಿ ಮೊದಲ ಹಂತಕ್ಕೆ ಬೀಳುತ್ತಿತ್ತು. ಅದಕ್ಕಾಗಿಯೇ ಹಂತದ ವಿವರಣೆಯಲ್ಲಿ ಯಾವ ಭಾವದ ಹೆಸರನ್ನೂ ನಾನು ಬರೆಯುವುದಿಲ್ಲ. ‘ಪದ್ಯದಿಂದ ಸಮರ್ಥಿಸಬಹುದಾದ ಮನಸ್ಥಿತಿ’ ಎಂದು ಬರೆದು, ದುಃಖವನ್ನು ಮಾದರಿ ಉತ್ತರದಲ್ಲಿ ಮಾತ್ರ ಇಡುತ್ತೇನೆ. ಈ ಹುಡುಗ ಖಾಲಿ ಚೀಲವನ್ನು ಕಂಡಿದ್ದಾನೆ, ಅದಕ್ಕೊಂದು ಅರ್ಥವನ್ನೂ ಕೊಟ್ಟಿದ್ದಾನೆ. ಆದರೆ ಪ್ರಶ್ನೆ ಕೇಳಿದ ಸಾಲಿನಲ್ಲೇ ಇರುವ ‘ಕೇಳಲಿಲ್ಲ’ ಎಂಬುದು ಅವನ ಓದಿಗೆ ಅಡ್ಡ ನಿಲ್ಲುತ್ತದೆ: ಮಾಲು ಒಳ್ಳೆಯ ದರಕ್ಕೆ ಹೋಗಿದ್ದರೆ ಅವ್ವ ಮೊದಲು ಕೇಳುವುದೇ ದರವನ್ನು. ಅದನ್ನು ಅವನು ಮುಟ್ಟಿಯೇ ಇಲ್ಲ. ಆಧಾರ ಒಂದಿದ್ದು, ಎದುರಿಗೇ ಇರುವ ವಿರುದ್ಧ ಆಧಾರವನ್ನು ಬಿಟ್ಟ ಉತ್ತರಕ್ಕೆ 2 ಎಂದು ಸೂಚಿಯ ಅಂಚಿನಲ್ಲಿ ಬರೆದೆವು. ‘ಅಪ್ಪನ ಕೈ ಸನ್ನೆಯಿಂದಲೇ ತಿಳಿದದ್ದರಿಂದ ಕೇಳಬೇಕಾಗಲಿಲ್ಲ’ ಎಂದು ಅವನು ಬರೆದಿದ್ದರೆ, ನನಗೆ ಆ ಓದು ಒಪ್ಪಿಗೆಯಾಗದಿದ್ದರೂ 3 ಕೊಡುತ್ತಿದ್ದೆ.

ಹೀಗೆ ಅಂಚಿನಲ್ಲಿ ಬೆಳೆಯುವ ಟಿಪ್ಪಣಿಗಳೇ ಸೂಚಿಯ ನಿಜವಾದ ಉಪಯೋಗದ ಭಾಗ ಎಂದು ನಾನು ತಿಳಿದಿದ್ದೇನೆ. ಇಬ್ಬರು ತಿದ್ದಿದಾಗ ಭಿನ್ನಾಭಿಪ್ರಾಯಗಳು ಒಂದೇ ಗೆರೆಯ ಸುತ್ತ ಸೇರಿದರೆ ಆ ಗೆರೆಯ ವಿವರಣೆ ಸಡಿಲಾಗಿದೆ ಎಂದರ್ಥ. ಎಲ್ಲ ಕಡೆ ಚದುರಿದ್ದರೆ ಇಬ್ಬರಲ್ಲಿ ಒಬ್ಬರು ಸೂಚಿಯನ್ನು ಬಿಟ್ಟು ಮನಸ್ಸಿಗೆ ಬಂದಂತೆ ತಿದ್ದುತ್ತಿದ್ದಾರೆ. ಉತ್ತರಗಳೆಲ್ಲ ಒಂದೇ ಹಂತದಲ್ಲಿ ಗುಂಪಾದರೆ ದೋಷವನ್ನು ಪ್ರಶ್ನೆಯಲ್ಲಿ ಹುಡುಕಬೇಕು. ‘ಕವಿತೆಯ ಮಾತುಗಳನ್ನೇ ಆಧಾರವಾಗಿಟ್ಟುಕೊಂಡು’ ಎಂಬುದನ್ನು ಪ್ರಶ್ನೆಯಿಂದ ತೆಗೆದುಬಿಟ್ಟರೆ, ಜಾಣ ವಿದ್ಯಾರ್ಥಿಯೂ ಎರಡನೆಯ ಹಂತದ ಉತ್ತರವನ್ನು ಬರೆದು ಸಮಾಧಾನಪಡುತ್ತಾನೆ. ನಾವು ಕೇಳದ ಆಧಾರಕ್ಕಾಗಿ ಅವನ ಅಂಕವನ್ನು ಹಿಡಿಯುವ ಅಧಿಕಾರ ನಮಗಿರುವುದಿಲ್ಲ.

ಗದ್ಯಭಾಗಕ್ಕೂ ಇದೇ ಕ್ರಮ ಸಲ್ಲುತ್ತದೆ. ವ್ಯತ್ಯಾಸವಿರುವುದು ಮೊದಲ ಹಂತದಲ್ಲಿ: ಗದ್ಯದಲ್ಲಿ ವಾಕ್ಯಗಳನ್ನು ಇದ್ದ ಹಾಗೆಯೇ ಎತ್ತಿ ಬರೆಯುವುದು ಸುಲಭವಾದ್ದರಿಂದ, ಸರಿಯಾದ ವಾಕ್ಯವನ್ನು ಆರಿಸಿ ಎತ್ತಿದ್ದನ್ನೂ, ಇಡೀ ಪರಿಚ್ಛೇದವನ್ನು ನಕಲು ಮಾಡಿದ್ದನ್ನೂ ಸೂಚಿಯಲ್ಲಿ ಬೇರ್ಪಡಿಸಬೇಕಾಗುತ್ತದೆ. ಆರಿಸಿದ್ದಕ್ಕೆ 1, ನಕಲಿಗೆ 0.

‘ಪೇಟೆಯಿಂದ ಬಂದವರು ಯಾರು?’ ಎಂಬಂಥ ಪ್ರಶ್ನೆಗೆ ಹಂತಗಳ ಗೊಡವೆ ಬೇಡ. ಅಲ್ಲಿ ಉತ್ತರ ಸರಿ ಅಥವಾ ತಪ್ಪು. 2 ಅಂಕದ ಊಹೆಯ ಪ್ರಶ್ನೆಗೆ ನಾಲ್ಕು ಹಂತಗಳನ್ನು ಮಾಡಿ ಅರ್ಧ ಅರ್ಧ ಅಂಕ ಹಂಚಲು ಹೋದರೆ ತಿದ್ದುವವರ ನಡುವಿನ ವ್ಯತ್ಯಾಸ ಹೆಚ್ಚುತ್ತದೆಯೇ ಹೊರತು ನಿಖರತೆ ಹೆಚ್ಚುವುದಿಲ್ಲ. ಅಲ್ಲಿ ಊಹೆಗೆ 1, ಅದಕ್ಕೆ ಸರಿಹೊಂದುವ ಆಧಾರ ಸೇರಿದರೆ 2 ಎಂದು ಎರಡೇ ಹಂತಗಳನ್ನು ಇಡುತ್ತೇನೆ. ಆಧಾರವನ್ನು ಬಿಡಿಸಿ ಹೇಳುವುದನ್ನು ಅಲ್ಲಿ ನಿರೀಕ್ಷಿಸುವುದಿಲ್ಲ.