ಆವರ್ತಕ ಪ್ರವೃತ್ತಿಗಳಿಗೆ ಪ್ರಾಸ ಕಟ್ಟಿದ ನನ್ನ ಅನುಭವ

ವಿಜಯಪುರದ ನಮ್ಮ ಕಾಲೇಜಿನಲ್ಲಿ ಪ್ರಥಮ ಪಿಯುಸಿಗೆ ಆವರ್ತಕ ಪ್ರವೃತ್ತಿಗಳ, ಅಂದರೆ ಆವರ್ತಕ ಕೋಷ್ಟಕದಲ್ಲಿ ಧಾತುಗಳ ಗುಣಗಳು ಏರಿಳಿಯುವ ಕ್ರಮದ, ಪಟ್ಟಿಯನ್ನು ಪದ್ಯವಾಗಿ ಕಟ್ಟಿಕೊಡುತ್ತೇನೆಂದಾಗ ಸಹೋದ್ಯೋಗಿಯೊಬ್ಬರು, "ಇದೇನ್ರಿ ಸರ್, ಕೆಮಿಸ್ಟ್ರಿ ಕ್ಲಾಸೋ ಭಜನಿಯೋ?" ಎಂದು ನಕ್ಕಿದ್ದರು. ಮೊದಲ ವರ್ಷ ಅವರ ನಗುವೇ ಗೆದ್ದಿತು.

ಆಗ ನಾನು ಪ್ರತಿ ಸಾಲನ್ನೂ "ಏರುವುದು" ಅಥವಾ "ಇಳಿಯುವುದು" ಎಂದು ಮುಗಿಸಿ, ನೂರು ಪ್ರತಿ ಝೆರಾಕ್ಸ್ ಮಾಡಿಸಿ, ಗೋಡೆಗೊಂದು ಫ್ಲೆಕ್ಸ್ ಹಾಕಿಸಿದ್ದೆ. ಎಲ್ಲ ಸೇರಿ ಸಾವಿರದ ಮೇಲೆ ಸ್ವಂತ ಹಣ ಹೋಯಿತು. ಕಿರುಪರೀಕ್ಷೆಯಲ್ಲಿ 60 ಮಕ್ಕಳ ಪೈಕಿ ಸುಮಾರು 20 ಮಂದಿ ಎರಡನ್ನೂ ಅದಲುಬದಲು ಬರೆದರು. ಕಾರಣ ತಿಳಿಯಲು ಮಾತ್ರೆ ಎಣಿಸಬೇಕಾಯಿತು: ಎರಡು ಪದಗಳಿಗೂ ಐದೈದೇ ಮಾತ್ರೆ, ಕೊನೆಯೂ ಒಂದೇ. ತಪ್ಪಾಗಿ ಹಾಡಿದರೂ ಲಯ ಕೆಡದಿದ್ದರೆ ಕಿವಿಗೆ ತಪ್ಪು ಗೊತ್ತಾಗುವುದಾದರೂ ಹೇಗೆ?

ಆದ್ದರಿಂದ ಸತ್ಯ ತಪ್ಪಿದರೆ ಪ್ರಾಸವೂ ತಪ್ಪುವಂತೆ ಮತ್ತೆ ಕಟ್ಟಿದೆ. ಪರಮಾಣುವಿನ ಗಾತ್ರಕ್ಕೆ ಬರೆದದ್ದು ಇದು:

ಸಾಲಿನಲಿ ನಡೆದಾಗ ಸಣ್ಣಾದ
ಗುಂಪಿನಲಿ ಇಳಿದಾಗ ಸೊಂಪಾದ

ಸಾಲಿಗೆ "ಸ", ಗುಂಪಿಗೆ "ಸೊಂಪು" ಅಂಟಿಕೊಂಡಿರುವುದರಿಂದ ಅದಲುಬದಲಾದರೆ ಹಾಡುವವನೇ ತಡವರಿಸುತ್ತಾನೆ. ಎರಡನೆಯ ಆವರ್ತದ ಅಯಾನೀಕರಣ ಎಂಥಾಲ್ಪಿಯಲ್ಲಿ, ಅಂದರೆ ಪರಮಾಣುವಿನಿಂದ ಎಲೆಕ್ಟ್ರಾನನ್ನು ಕೀಳಲು ಬೇಕಾಗುವ ಶಕ್ತಿಯಲ್ಲಿ, ಏರಿಕೆಗಿಂತ ಅದರ ನಡುವಿನ ಎರಡು ಇಳಿತಗಳೇ ಕಾಡುತ್ತವೆ. ಅವಕ್ಕೆ ಆದಿಪ್ರಾಸ ಹಿಡಿದೆ:

ಬೋರಾನು ಜಾರಿದನು ಬೆರಿಲಿಯಮ ಕೆಳಗೆ
ಸಾರಜನಕನಿಗಿಂತ ಆಮ್ಲಜನ ಕೆಳಗೆ

"ಆಮ್ಲಜನಕ"ದ ಬಾಲ ಕತ್ತರಿಸಿದ್ದು ಮಾತ್ರೆಗಾಗಿ. ಕನ್ನಡ ಉಪನ್ಯಾಸಕರು ಕ್ಷಮಿಸಲಿ. "ಬೋರಾ" ಮತ್ತು "ಸಾರ" ಎಂಬ ದೀರ್ಘ ಆರಂಭಗಳ ನಂತರದ ರಕಾರವೇ ಇಲ್ಲಿನ ಬೀಗ. ಬೆರಿಲಿಯಮ್ಮನ್ನು ಮುಂದೆ ತಂದರೆ ರಕಾರ ಉಳಿದರೂ ಮೊದಲಕ್ಷರ ಹ್ರಸ್ವವಾಗುತ್ತದೆ, ಆಮ್ಲಜನಕವನ್ನು ತಂದರೆ ರಕಾರವೇ ಹೋಗುತ್ತದೆ. ನೆನಪಿನಿಂದ ಹೇಳುವುದಾದರೆ ಮೊದಲ ಜಾರಿಕೆ 900ರಿಂದ 800ಕ್ಕೆ, ಎರಡನೆಯದು 1400ರಿಂದ 1310ರ ಆಸುಪಾಸಿಗೆ, ಮೋಲಿಗೆ ಕಿಲೋಜೂಲ್ ಲೆಕ್ಕದಲ್ಲಿ. ಮೂರನೆಯ ಆವರ್ತದಲ್ಲಿಯೂ ಇವೇ ಗುಂಪುಗಳಲ್ಲಿ ಮೆಗ್ನೀಸಿಯಮ್ಮಿಗಿಂತ ಅಲ್ಯೂಮಿನಿಯಂ, ರಂಜಕಕ್ಕಿಂತ ಗಂಧಕ ಜಾರುವುದರಿಂದ ಬೇರೆ ಪದ್ಯ ಬೇಕಾಗಲಿಲ್ಲ.

ಹುರುಪಿನಲ್ಲಿ ಗ್ಯಾಲಿಯಂ ಕಡೆಗೂ ಹೋದೆ. ಅದರ ಪರಮಾಣು ಅಲ್ಯೂಮಿನಿಯಮ್ಮಿನದಕ್ಕಿಂತ ತುಸು ಚಿಕ್ಕದಾಗಿ "ಸೊಂಪಾದ" ಸಾಲನ್ನೇ ಸುಳ್ಳು ಮಾಡುತ್ತದೆ. "ಗ್ಯಾಲಿಯಂ, ಗಾಲಿಯ ಹಾಗೆ" ಎಂದು ಕಟ್ಟಿದ್ದಕ್ಕೆ ಒಬ್ಬ ಹುಡುಗ ಅದರ ಪರಮಾಣು ದುಂಡಗಿದೆ ಎಂದು ಬರೆದ! ಆ ಸಾಲು ಕಸದ ಬುಟ್ಟಿಗೆ ಹೋಯಿತು.

ಎರಡನೆಯ ವರ್ಷ ಕ್ರಮ ತಪ್ಪಿದವರು ಐದಾರು ಮಂದಿ. ಆದರೆ ಕಾರಣ ಕೇಳಿದರೆ ಹಲವರು ಪದ್ಯವನ್ನೇ ಮತ್ತೆ ಬರೆದಿದ್ದರು. ಈಗ ಪ್ರತಿ ಇಳಿತದ ಕೆಳಗೆ ಗದ್ಯದಲ್ಲಿ ಒಂದು ಸಾಲು ಬರೆಸುತ್ತೇನೆ: ಬೋರಾನಿನಲ್ಲಿ ಹೊರಬೀಳುವುದು 2p ಎಲೆಕ್ಟ್ರಾನು, ಬೆರಿಲಿಯಮ್ಮಿನಲ್ಲಿ ಇನ್ನೂ ಬಿಗಿಯಾಗಿರುವ 2s, ಆಮ್ಲಜನಕದಲ್ಲಿ ಒಂದೇ ಕಕ್ಷಕದಲ್ಲಿ ಜೋಡಿಯಾದ ಎಲೆಕ್ಟ್ರಾನುಗಳ ವಿಕರ್ಷಣೆ. ನಕ್ಕಿದ್ದ ಸಹೋದ್ಯೋಗಿ ಈಗ ಫ್ಲೋರಿನ್‌ಗಿಂತ ಕ್ಲೋರಿನ್ನಿಗೆ ಎಲೆಕ್ಟ್ರಾನಿನ ಆಸೆ ಹೆಚ್ಚೆಂಬ ಪದ್ಯವನ್ನು ಕೇಳುತ್ತಿದ್ದಾರೆ. ಅದನ್ನು ಇನ್ನೂ ಕೊಟ್ಟಿಲ್ಲ.